ಊಟ ಸೇರದು, ತೂಕ ಇಳಿಯದು: ಥೈರಾಯ್ಡ್ ಮಂದವಾದಾಗ

ಕೇಳುಗರಿಗೆ ನಮಸ್ಕಾರ.

ಒಂದು ದಿನ ನಲವತ್ತೇಳು ವರ್ಷದ ಒಬ್ಬ ತಾಯಿ ಬಂದು ನನ್ನ ಮುಂದೆ ಕೂತರು. ತೂಕದ ಯಂತ್ರದ ಮೇಲೆ ನಿಂತಾಗ 66 ಕಿಲೋ ತೋರಿಸಿತು. ಹಿಂದಿನ ವರ್ಷದ ಚೀಟಿಯಲ್ಲಿ 61 ಇತ್ತು. "ಡಾಕ್ಟ್ರೇ, ಮೊದಲು ರಾತ್ರಿ ಎರಡು ಮುದ್ದೆ ಉಣ್ಣುತ್ತಿದ್ದೆ. ಈಗ ಅರ್ಧ ಮುದ್ದೆ ಸೇರಲ್ಲ. ಆದ್ರೂ ರವಿಕೆ ಎಲ್ಲ ಬಿಗಿ. ನಾನು ಕದ್ದು ತಿಂತೀನಿ ಅಂತ ಮನೇಲಿ ಅನುಮಾನ" ಎಂದರು. ಹೇಳುವಾಗ ಕಣ್ಣಲ್ಲಿ ನೀರಿತ್ತು. ಅವರು ಕದ್ದು ತಿನ್ನುತ್ತಿರಲಿಲ್ಲ. ಅವರ ಮಾತು ಪೂರ್ತಿ ನಿಜವಾಗಿತ್ತು. ಅದು ಹೇಗೆ ನಿಜ ಎನ್ನುವುದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಅವರಿಗೆ ಇನ್ನೊಂದು ತೊಂದರೆಯೂ ಇತ್ತು, ಅದನ್ನು ಹೇಳಿಕೊಳ್ಳಲು ಸಂಕೋಚಪಟ್ಟರು. ನಾಲ್ಕು ದಿನಕ್ಕೊಮ್ಮೆ ಮಾತ್ರ ಹೊಟ್ಟೆ ಖಾಲಿಯಾಗುತ್ತಿತ್ತು, ಅದೂ ಗಟ್ಟಿಯಾಗಿ, ತಿಣುಕಿ. ಹರಳೆಣ್ಣೆ ಕುಡಿದಿದ್ದರು, ತ್ರಿಫಲಾ ಚೂರ್ಣ ತೆಗೆದುಕೊಂಡಿದ್ದರು, ಈಗ ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಇಸಬಗೋಲು ನಡೆದಿತ್ತು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆಯೆಂದು ಬೇರೆಡೆ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಕಬ್ಬಿಣದ ಮಾತ್ರೆಯೇ ಮಲಬದ್ಧತೆ ತರುತ್ತದೆ. ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದನ್ನು ಹೆಚ್ಚಿಸುತ್ತಿತ್ತು. ಎರಡಕ್ಕೂ ಬೇರು ಒಂದೇ ಎಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಅವರ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದೆ. ಕಾಲು ಉಬ್ಬಿದಂತಿತ್ತು, ಆದರೆ ಕುಳಿ ಬೀಳಲಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರು ತುಂಬಿದ್ದರೆ ಸಾಮಾನ್ಯವಾಗಿ ಬೆರಳಿನ ಗುಂಡಿ ಕ್ಷಣಹೊತ್ತು ಉಳಿಯುತ್ತದೆ. ಆಮೇಲೆ ಅವರನ್ನು ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜಿಗೆ ಸಣ್ಣ ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಪಾದ ಥಟ್ಟನೆ ಜಿಗಿಯಿತು, ಆದರೆ ಮೊದಲಿನ ಜಾಗಕ್ಕೆ ಮರಳುವಾಗ ಸುಸ್ತಾದವರು ಕೈ ಇಳಿಸಿದಂತೆ ನಿಧಾನವಾಗಿ ಇಳಿಯಿತು. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸ್ನಾಯು ಬಿಗಿಯಾದ ಮೇಲೆ ಸಡಿಲಗೊಳ್ಳಲೂ ಥೈರಾಯ್ಡ್ ರಸ ಬೇಕು.

ಗಂಟಲಿನ ಮುಂಭಾಗದಲ್ಲಿ, ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿ ಸುರಿಸುವ ಥೈರಾಕ್ಸಿನ್ ಕಡಿಮೆಯಾದರೆ ಇಡೀ ಮೈಯ ಒಲೆ ಮಂದವಾಗುತ್ತದೆ. ಸುಮ್ಮನೆ ಕೂತಾಗಲೂ ನಮ್ಮ ಮೈ ಸುಡುವ ಶಕ್ತಿ ಇಳಿಯುತ್ತದೆ. ಚಳಿ ತಾಳಲಾಗದು, ಬೆವರು ಬಾರದು. ಕರುಳಿನ ಕೆಲಸವೂ ಹಾಗೆಯೇ. ಕರುಳು ಅಲೆಯಂತೆ ಕುಗ್ಗಿ ಹಿಗ್ಗಿ ತನ್ನೊಳಗಿರುವುದನ್ನು ಮುಂದೆ ತಳ್ಳುತ್ತದೆ. ಆ ಅಲೆ ನಿಧಾನವಾದರೆ ಮಲ ದೊಡ್ಡ ಕರುಳಿನಲ್ಲಿ ಹೆಚ್ಚು ದಿನ ಉಳಿಯುತ್ತದೆ. ಅಲ್ಲಿ ಉಳಿದಷ್ಟೂ ಕರುಳು ಅದರ ನೀರು ಹೀರುತ್ತದೆ, ಮಲ ಗಟ್ಟಿಯಾಗುತ್ತದೆ. ಜಠರವೂ ತಡವಾಗಿ ಖಾಲಿಯಾಗುವುದರಿಂದ ಹೊಟ್ಟೆ ತುಂಬಿದಂತೆಯೇ ಇರುತ್ತದೆ. ಹಸಿವು ಸಾಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ತೂಕ ಎಲ್ಲಿಂದ? ಊಟ ಇಳಿದಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಖರ್ಚೂ ಇಳಿದಿರುತ್ತದೆ. ಒಂದಿಷ್ಟು ಕೊಬ್ಬು ಅಲ್ಲಿ ಕೂಡುತ್ತದೆ. ಆದರೆ ಏರಿದ ತೂಕದಲ್ಲಿ ದೊಡ್ಡ ಪಾಲು ಕೊಬ್ಬಲ್ಲ, ಉಪ್ಪು ಮತ್ತು ನೀರು. ಚರ್ಮದ ಕೆಳಗೆ ಹಯಲುರಾನಿಕ್ ಆಮ್ಲದಂಥ ಲೋಳೆಯ ವಸ್ತುಗಳು ಶೇಖರವಾಗುತ್ತವೆ, ನೆನೆಸಿದ ಸಬ್ಬಕ್ಕಿಯಂತೆ ಅವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಳಿಗ್ಗೆ ಮುಖ, ರೆಪ್ಪೆ ಊದಿಕೊಳ್ಳುವುದು, ದನಿ ಗೊಗ್ಗರಾಗುವುದು, ನಾನು ಒತ್ತಿದಾಗ ಕುಳಿ ಬೀಳದ್ದು, ಎಲ್ಲವೂ ಅದರಿಂದಲೇ. ಹೀಗೆ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ. ಇಪ್ಪತ್ತು, ಮೂವತ್ತು ಕಿಲೋ ಏರಿದ್ದಕ್ಕೆಲ್ಲ ಥೈರಾಯ್ಡ್ ಮೇಲೆ ಹೊರೆ ಹೊರಿಸಿದರೆ ತಪ್ಪಾಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. 46 ಬಂತು. ಸಾಮಾನ್ಯವಾಗಿ ಅದು ನಾಲ್ಕು, ನಾಲ್ಕೂವರೆಯ ಒಳಗಿರಬೇಕು. ಟಿ.ಎಸ್.ಎಚ್. ಎಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕೂಗಿ ಹೇಳುವ ಮಾತು. ಥೈರಾಯ್ಡ್ ಕೇಳಿಸಿಕೊಳ್ಳದಿದ್ದಷ್ಟೂ ಕೂಗು ಜೋರಾಗುತ್ತದೆ. ಆದ್ದರಿಂದಲೇ ಥೈರಾಯ್ಡ್ ಮಂದವಾದಾಗ ಈ ಅಂಕಿ ಏರುತ್ತದೆ, ಇಳಿಯುವುದಿಲ್ಲ. ವರದಿ ನೋಡಿ "ಜಾಸ್ತಿ ಇದೆಯಂತೆ" ಎಂದು ಅನೇಕರು ತಿರುವುಮುರುವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಇವರ ಫ್ರೀ ಟಿ-ಫೋರ್, ಅಂದರೆ ಥೈರಾಕ್ಸಿನ್ ಪ್ರಮಾಣ, ಕಡಿಮೆಯಿತ್ತು. ಗ್ರಂಥಿಯ ವಿರುದ್ಧ ಮೈಯೇ ತಯಾರಿಸಿದ ಪ್ರತಿಕಾಯಗಳೂ ಸಿಕ್ಕವು. ಇದನ್ನು ಹಶಿಮೊಟೊ ಕಾಯಿಲೆ ಎನ್ನುತ್ತೇವೆ, 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯರ ಹೆಸರು ಅದು. ಇದಕ್ಕೆ ಅಯೋಡಿನ್ ಉಪ್ಪು ಹೆಚ್ಚು ತಿಂದರೆ ಪ್ರಯೋಜನವಿಲ್ಲ.

ಅವರ ಹೃದಯ ಸರಿಯಿತ್ತು, ಹಾಗಾಗಿ ದಿನಕ್ಕೆ 100 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಬರೆದೆ. ವಯಸ್ಸಾದವರಿಗೆ, ಹೃದಯದ ಕಾಯಿಲೆ ಇದ್ದವರಿಗೆ 25ರಿಂದ ಶುರು ಮಾಡಿ ನಿಧಾನಕ್ಕೆ ಏರಿಸಬೇಕಾಗುತ್ತದೆ. ಆರು ವಾರ ಕಳೆದು ಬಂದಾಗ ಟಿ.ಎಸ್.ಎಚ್. ಇನ್ನೂ 29. ಹೊಟ್ಟೆಯೂ ಹಾಗೇ ಕಟ್ಟಿತ್ತು. ಮಾತ್ರೆ ಏರಿಸುವ ಮೊದಲು ಒಂದು ಪ್ರಶ್ನೆ ಕೇಳಿದೆ: "ಅಮ್ಮ, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ." ಅವರು ಹೇಳುತ್ತ ಹೋದರು. ಎದ್ದು ಒಂದು ಲೋಟ ನೀರಿಗೆ ಇಸಬಗೋಲು. ಅದರ ಹಿಂದೆಯೇ ಬಿಸಿ ಕಾಫಿ, ಕಾಫಿ ಜತೆಗೇ ಥೈರಾಯ್ಡ್ ಮಾತ್ರೆ. ಮರೆಯಬಾರದೆಂದು ಕಬ್ಬಿಣದ ಮಾತ್ರೆಯೂ ಆಗಲೇ.

ಮಾತ್ರೆ ದಿನವೂ ಹೊಟ್ಟೆಗೆ ಹೋಗುತ್ತಿತ್ತು, ರಕ್ತಕ್ಕೆ ಹೋಗುತ್ತಿರಲಿಲ್ಲ. ಕಬ್ಬಿಣ ಥೈರಾಕ್ಸಿನ್ನನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಕೂಡ. ಕಾಫಿ, ನಾರಿನ ಪುಡಿ ಎರಡೂ ಅದನ್ನು ಹೀರಿಕೊಳ್ಳದಂತೆ ತಡೆಯುತ್ತವೆ. ಆ ದಿನ ಮಾತ್ರೆಯ ಪ್ರಮಾಣ ಬದಲಿಸಲಿಲ್ಲ, ಗಡಿಯಾರ ಬದಲಿಸಿದೆವು. ಹಾಸಿಗೆಯಿಂದ ಏಳುತ್ತಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ. ಕಾಫಿ, ತಿಂಡಿ ಒಂದು ಗಂಟೆ ಬಿಟ್ಟು. ಕಬ್ಬಿಣ ಮಧ್ಯಾಹ್ನದ ಊಟವಾದ ಮೇಲೆ, ಅಂದರೆ ಕನಿಷ್ಠ ನಾಲ್ಕು ಗಂಟೆ ಅಂತರ. ಇಸಬಗೋಲು ರಾತ್ರಿ ಮಾತ್ರ, ದೊಡ್ಡ ಲೋಟ ನೀರಿನೊಂದಿಗೆ, ಏಕೆಂದರೆ ನೀರಿಲ್ಲದೆ ಅದು ಮಂದ ಕರುಳಿನಲ್ಲಿ ಮುದ್ದೆಯಾಗಿ ಕೂತುಬಿಡುತ್ತದೆ.

ಮೂರನೆಯ ವಾರಕ್ಕೆ ದಿನ ಬಿಟ್ಟು ದಿನ ಹೊಟ್ಟೆ ಸರಿಯಾಗತೊಡಗಿತು. ಎಂಟು ವಾರಕ್ಕೆ ಟಿ.ಎಸ್.ಎಚ್. 3.2. ಆರು ವಾರಕ್ಕೆ ಮೊದಲು ಈ ಪರೀಕ್ಷೆ ಮಾಡಿಸಿದರೆ ಅಂಕಿ ಇನ್ನೂ ನೆಲೆ ನಿಂತಿರುವುದಿಲ್ಲ, ದುಡ್ಡು ದಂಡ. ತೂಕ 63ಕ್ಕೆ ಇಳಿದಿತ್ತು. ಹೋದ ಮೂರು ಕಿಲೋದಲ್ಲಿ ನೀರೇ ಹೆಚ್ಚು. ಇಳಿಯದೆ ಉಳಿದ ಎರಡು ಕಿಲೋಗಾಗಿ ಮಾತ್ರೆ ಜಾಸ್ತಿ ಮಾಡಲೇ ಎಂದು ಅವರು ಕೇಳಿದರು. ಬೇಡವೆಂದೆ. ಅಗತ್ಯಕ್ಕಿಂತ ಹೆಚ್ಚು ಥೈರಾಕ್ಸಿನ್ ಹೃದಯದ ಬಡಿತ ಕೆಡಿಸುತ್ತದೆ, ಮುಟ್ಟು ನಿಂತ ಮೇಲೆ ಎಲುಬನ್ನು ಸವೆಸುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮಲದಲ್ಲಿ ರಕ್ತ ಕಂಡರೆ, ಅಥವಾ ಹೊಟ್ಟೆ ಕಟ್ಟುವುದರ ಜತೆಗೆ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಎಂದು ಸುಮ್ಮನಿರಬೇಡಿ. ಕರುಳಿನ ಪರೀಕ್ಷೆಯೇ ಆಗಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಆ ತಾಯಿ ಈಗಲೂ ಆರು ತಿಂಗಳಿಗೊಮ್ಮೆ ಬರುತ್ತಾರೆ. ಮಾತ್ರೆ ಬಾಟಲಿ ದಿಂಬಿನ ಪಕ್ಕ, ಕಾಫಿಪುಡಿ ಡಬ್ಬಿಯಿಂದ ದೂರ ಇಟ್ಟಿದ್ದಾರಂತೆ. ರಾತ್ರಿ ಒಂದೂವರೆ ಮುದ್ದೆ ಸೇರುತ್ತದೆ ಎಂದರು ಮೊನ್ನೆ.

ನಮಸ್ಕಾರ.