ಲಾಗಿನ್ ಕಡಿಮೆಯಾದ ಹಳೇ ಗ್ರಾಹಕರ ಜೊತೆ ರಿನ್ಯೂವಲ್ ಮಾತು

[ದೃಶ್ಯ: ಸಂಜೆ, ಕಾಫಿ ತೋಟ. ಹಣ್ಣಿನ ಮೂಟೆ ತೂಗುತ್ತಿದ್ದಾರೆ.]

ನಮಸ್ಕಾರ. ಕೊಡಗಿನ ತೋಟಗಳಿಗೆ ಹಾಜರಿ, ತೂಕ, ಕೂಲಿ ಲೆಕ್ಕದ ಆ್ಯಪ್ ಮಾರುವುದು ನನ್ನ ಕೆಲಸ. ಸಿದ್ದಾಪುರದ ಕಡೆಯ ಒಂದು ತೋಟ 7 ವರ್ಷದಿಂದ ನಮ್ಮ ಗ್ರಾಹಕರು. 6 ಲಾಗಿನ್, ವರ್ಷಕ್ಕೆ 48,000 ರೂಪಾಯಿ. ಏಪ್ರಿಲ್ ಕೊನೆಗೆ ರಿನ್ಯೂವಲ್. ಫೆಬ್ರವರಿಯಲ್ಲಿ ನೋಡಿದರೆ ಬಳಕೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಇಲ್ಲಿ ಹೋಲಿಕೆ ತಪ್ಪುವುದು ಸುಲಭ. ಜುಲೈ ಮಳೆಯಲ್ಲಿ ಕೊಯ್ಲೇ ಇರುವುದಿಲ್ಲ, ಎಂಟ್ರಿ ಎಲ್ಲಿಂದ ಬರಬೇಕು? ಹಾಗಾಗಿ ಈ ಜನವರಿಯನ್ನು ಹೋದ ಜನವರಿ ಪಕ್ಕ ಇಟ್ಟೆ. ರೋಬಸ್ಟಾ ಕೊಯ್ಲಿನ ತಿಂಗಳು. ಆಗ ದಿನಕ್ಕೆ 5 ಜನ ಲಾಗಿನ್ ಆಗುತ್ತಿದ್ದರು, ಈಗ ಇಬ್ಬರು.

[ಸ್ಕ್ರೀನ್: ಎರಡು ಜನವರಿಗಳ ಎಂಟ್ರಿ ಪಟ್ಟಿ]

ಯಾವ ಪುಟ ನಿಂತಿದೆ ಅಂತಲೂ ನೋಡಿದೆ. ತೂಕ ದಿನಾ ಬರುತ್ತಿದೆ. ನಿಂತಿರುವುದು ಆಳುವಾರು ಹಾಜರಿ ಮಾತ್ರ. ತೂಕವೂ ನಿಂತಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್ ಹೊಸಬರಾಗಿ, ಪುಸ್ತಕದಲ್ಲಿ ಬರೆಯುತ್ತಿರಬಹುದು, ಅದಕ್ಕೆ ಒಂದು ದಿನ ಕೂತು ಕಲಿಸಿದರೆ ಆಯಿತು. ಇದು ಹಾಗಲ್ಲ.

ಮಾತಿಗೆ ಹೋದಾಗ ಮೊದಲೇ ಡಿಸ್ಕೌಂಟ್ ಎತ್ತಬೇಡಿ. ನಾನು ಒಮ್ಮೆ ಬೇರೆ ತೋಟದಲ್ಲಿ ಎತ್ತಿದ್ದೆ. "ಹಾಗಾದ್ರೆ ಇಷ್ಟು ವರ್ಷ ಜಾಸ್ತಿ ತಗೊಂಡ್ರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ಕೊಯ್ಲು ಮುಗಿಯುತ್ತಾ ಬಂದಾಗ, ರಿನ್ಯೂವಲ್‌ಗೆ ಎರಡು ತಿಂಗಳು ಮೊದಲೇ, ಸಂಜೆ ತೂಕ ಮುಗಿದ ಮೇಲೆ ಸಿದ್ದಾಪುರದ ತೋಟದವರ ಹತ್ತಿರ ಹೋದೆ. ಕಾಫಿ ಬಂತು.

"ಸರ್, ತೂಕ ದಿನಾ ಹಾಕಿದ್ದಾರೆ, ಹಾಜರಿ ಹಾಕಿಲ್ಲ. ತೋಟದಲ್ಲಿ ಏನಾದ್ರೂ ಬದಲಾಯ್ತಾ?"

ಇಷ್ಟು ಕೇಳಿ ಸುಮ್ಮನೆ ಕೂತೆ.

"ಲೈನ್ ಮನೆಯಲ್ಲಿ ಕೆಲಸದ ಜನ ಎಲ್ಲಿದ್ದಾರೆ? ಕೊಯ್ಲು ಪೂರ್ತಿ ಕಾಂಟ್ರಾಕ್ಟ್. ಕೆಜಿ ಲೆಕ್ಕ, ದುಡ್ಡು ಆಳು ಕರ್ಕೊಂಡು ಬರೋ ಮೇಸ್ತ್ರಿ ಕೈಗೆ. ಒಬ್ಬೊಬ್ಬರ ಹೆಸರು ಬರೆದು ನಾನೇನು ಮಾಡ್ಲಿ?" ಅಂದರು ಅವರು.

ನೋಡಿ, ಅವರಿಗೆ ಆ್ಯಪ್ ಮೇಲೆ ಬೇಸರ ಇರಲಿಲ್ಲ. ತೋಟ ನಡೆಸುವ ರೀತಿ ಬದಲಾಗಿತ್ತು, ನಮ್ಮ ಬಿಲ್ ಬದಲಾಗಿರಲಿಲ್ಲ. ಇಲ್ಲಿ ಟ್ರೈನಿಂಗ್ ಕೊಡುತ್ತೇನೆ ಅನ್ನುವುದು ಅಸಂಬದ್ಧ.

"ಕಾಯಂ ಕೆಲಸದವರು ಎಷ್ಟು ಜನ ಉಳಿದಿದ್ದಾರೆ?" ಅಂದೆ. 14 ಜನ. ಅವರಿಗೆ ಹಾಜರಿ ಬೇಕೇ ಬೇಕು, ಸಂಬಳದ ಲೆಕ್ಕ ಇದೆಯಲ್ಲ. ಅಲ್ಲೇ ಹೇಳಿದೆ: 3 ಲಾಗಿನ್, 14 ಜನರ ಹಾಜರಿ, ಮೇಸ್ತ್ರಿವಾರು ತೂಕ, ವರ್ಷಕ್ಕೆ 27,000. ಅವರು ಕೇಳುವ ಮೊದಲೇ ನಾವೇ ಇಳಿಸಿದ್ದು. 21,000 ಕೈಬಿಟ್ಟು ಹೋಯಿತು, ಆಫೀಸಿನಲ್ಲಿ ಮುಖ ಸಿಂಡರಿಸಿದರು. ಪೂರ್ತಿ 48,000 ಹೋಗಿದ್ದರೆ ಇನ್ನೂ ಜಾಸ್ತಿ ಸಿಂಡರಿಸುತ್ತಿದ್ದರು ಬಿಡಿ.

ಆಮೇಲೆ ಅವರೇ ಒಂದು ಷರತ್ತು ಹಾಕಿದರು. ಮೇಸ್ತ್ರಿ ತರುವ ಬಿಲ್, ನಮ್ಮ ತೂಕ, ಎರಡೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಪ್ರಿಂಟ್ ಆಗಬೇಕು. ಈ ವರ್ಷ ಅದಕ್ಕೇ ಮೂರು ಸಲ ಜಗಳ ಆಗಿದೆಯಂತೆ. ಮುಂದಿನ ಕೊಯ್ಲಿಗೆ ಮೊದಲು ಕೊಡುತ್ತೇವೆ ಅಂತ ಅದೇ ಸಂಜೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ.