ತೊಂಬತ್ತು ದಿನ ಬೋನಸ್ಸಿಗೆ, ಗಾಡಿಗೆ ಅಲ್ಲ

ಹಾಸನ ಜಿಲ್ಲೆಯ ಕೇಳುಗರಿಗೂ ಪಕ್ಕದ ಚಿಕ್ಕಮಗಳೂರಿನಲ್ಲಿ ಕೇಳುತ್ತಿರುವವರಿಗೂ ನಮಸ್ಕಾರ. ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ವಾಹನದ ನಷ್ಟ ಅಂದಾಜು ಮಾಡುವುದು, ವಿಮೆ ತಪ್ಪಿಹೋದ ವಾಹನಗಳನ್ನು ನೋಡಿ ವರದಿ ಕೊಡುವುದು ನನ್ನ ಕೆಲಸ.

ವಿಮೆ ತಪ್ಪಿದವರಲ್ಲಿ ಹೆಚ್ಚಿನವರು ನನ್ನ ಮುಂದೆ ಹೇಳುವುದು ಒಂದೇ ಮಾತು: "ಇನ್ನೂ ತೊಂಬತ್ತು ದಿನ ಆಗಿಲ್ಲವಲ್ಲ ಸಾರ್." ಈ ತೊಂಬತ್ತು ದಿನದ ಮಾತನ್ನು ಯಾರು ಊರೂರಿಗೆ ಹಬ್ಬಿಸಿದರೋ ಗೊತ್ತಿಲ್ಲ, ಅರ್ಧವನ್ನು ಮಾತ್ರ ಹಬ್ಬಿಸಿದ್ದಾರೆ. ದಯವಿಟ್ಟು ಕೇಳಿಸಿಕೊಳ್ಳಿ. ತೊಂಬತ್ತು ದಿನ ಇರುವುದು ಬೋನಸ್ಸಿಗೆ, ಗಾಡಿಗೆ ಅಲ್ಲ. ಪಾಲಿಸಿ ಮುಗಿಯುವ ದಿನದ ಮಧ್ಯರಾತ್ರಿ ಕಳೆದರೆ ಮರುಕ್ಷಣದಿಂದ ನಿಮ್ಮ ಗಾಡಿಗೆ ವಿಮೆ ಇಲ್ಲ. ಒಂದು ದಿನದ ರಿಯಾಯಿತಿಯೂ ಇಲ್ಲ.

ಬೋನಸ್ ಎಂದರೆ ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ 20 ರಿಯಾಯಿತಿ. ಹಾಗೆಯೇ ವರ್ಷ ವರ್ಷ 25, 35, 45, ಕೊನೆಗೆ ಶೇ 50. ಇದು ಸಿಗುವುದು ನಿಮ್ಮ ಗಾಡಿಗೇ ಆಗುವ ಹಾನಿಯ ಭಾಗದ ಪ್ರೀಮಿಯಂ ಮೇಲೆ ಮಾತ್ರ, ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ, ಅಂದರೆ ಥರ್ಡ್ ಪಾರ್ಟಿ ಭಾಗದ ಮೇಲೆ ಅಲ್ಲ. ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸಿದರೆ ಈ ರಿಯಾಯಿತಿ ಉಳಿಯುತ್ತದೆ, ಆಮೇಲೆ ಸೊನ್ನೆಯಿಂದ ಶುರು.

ಸಕಲೇಶಪುರದ ಕಡೆಯ ಒಬ್ಬ ತೋಟದವರ ಕಥೆ ಹೇಳುತ್ತೇನೆ. ಹೆಸರು ಬೇಡ, ಗೌಡರು ಎನ್ನೋಣ. ಐದು ವರ್ಷ ಒಂದೂ ಕ್ಲೇಮ್ ಇಲ್ಲದೆ ಕಾರು ಓಡಿಸಿದವರು, ಪೂರ್ತಿ ಶೇ 50 ಬೋನಸ್. ಪಾಲಿಸಿ ಮುಗಿದದ್ದು ಜನವರಿ 10ಕ್ಕೆ. ಆಗ ರೊಬಸ್ಟಾ ಕೊಯ್ಲು, ಆಳುಗಳಿಗೆ ಪರದಾಟ, ಕಣದ ತುಂಬ ಕಾಫಿ. ಕಂಪನಿಯ ಸಂದೇಶ ಬಂದದ್ದು ಅವರು ಯಾವಾಗಲೋ ಬಿಟ್ಟ ಮೊಬೈಲ್ ಸಂಖ್ಯೆಗೆ. ಫೆಬ್ರವರಿಯಲ್ಲಿ ಕಾಗದ ನೋಡಿದಾಗ ವಿಷಯ ತಿಳಿಯಿತು. ಆದರೆ ತೊಂಬತ್ತು ದಿನ ಇದೆಯಲ್ಲ! ಹಾಗೆಂದು ದಿನಾ ಕಾರು ಓಡಿಸಿದರು. ಒಂದು ದಿನ ಕಣದಲ್ಲೇ ಟ್ರ್ಯಾಕ್ಟರಿನ ಟ್ರೇಲರ್ ತಿರುಗುವಾಗ ಕಾರಿನ ಮುಂದಿನ ಮೂಲೆಗೆ ತಗುಲಿ ಹೆಡ್‌ಲೈಟ್ ಒಡೆಯಿತು, ಬಂಪರ್ ಒಳಕ್ಕೆ ಹೋಯಿತು.

ಹೂಮಳೆ ಕಾಯುವ ದಿನಗಳೂ ಮುಗಿದು ಏಪ್ರಿಲ್ 7ಕ್ಕೆ ನನಗೆ ಫೋನ್ ಬಂತು. ತಪ್ಪಿಹೋದ ಪೂರ್ಣ ಪಾಲಿಸಿ ಮತ್ತೆ ಬೇಕಾದರೆ ಕಂಪನಿ ಮೊದಲು ಗಾಡಿ ನೋಡಿಸುತ್ತದೆ. ಏಕೆಂದರೆ ಡಿಕ್ಕಿಯಾದ ಮೇಲೆ ವಿಮೆ ಮಾಡಿಸಿ ಹಣ ಕೇಳುವ ಬುದ್ಧಿವಂತರು ಇದ್ದಾರೆ. ನಾನು ಹೋದಾಗ ಕಾರಿನ ಮೈತುಂಬ ಒಣಗಿದ ಕೆಂಪು ಕೆಸರು. ಕೆಸರಿನಡಿ ಏನಿದೆ ಎಂದು ನಾನು ವರದಿ ಬರೆಯಲಿ? ತೊಳೆಸಿದೆವು. ನಾಲ್ಕೂ ಕಡೆಯಿಂದ ಫೋಟೊ, ಮುಂದಿನ ಗಾಜಿನದು ಒಳಗಿನಿಂದಲೂ ಒಂದು, ಏಕೆಂದರೆ ಸಣ್ಣ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಎಂಜಿನ್ ಚಾಲೂ ಮಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಫೋಟೊ. ಆಮೇಲೆ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು, ಆರ್‌ಸಿ ಪುಸ್ತಕದ ಜೊತೆ ತಾಳೆ. ಈಗ ಕೆಲವು ಕಂಪನಿಗಳು ಇದನ್ನೇ ನಿಮ್ಮ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಲು ಹೇಳುತ್ತವೆ. ಮಧ್ಯಾಹ್ನದ ಬೆಳಕಿನಲ್ಲಿ, ನೆಟ್‌ವರ್ಕ್ ಸಿಗುವ ಜಾಗದಲ್ಲಿ ಮಾಡಿ.

ಒಡೆದ ಹೆಡ್‌ಲೈಟ್ ನೋಡಿ ಗೌಡರು ಹೇಳಿದರು, "ಇದನ್ನೂ ಹೊಸ ಪಾಲಿಸಿಯಲ್ಲೇ ಸೇರಿಸಿಬಿಡಿ ಸಾರ್, ಸಣ್ಣದು." "ಗೌಡರೇ, ನಾನು ಬಂದಿರುವುದೇ ಅದನ್ನು ಬರೆದಿಡುವುದಕ್ಕೆ" ಎಂದೆ. ಹಳೆಯ ಹಾನಿ ಎಂದು ವರದಿಯಲ್ಲಿ ನಮೂದಾದರೆ ಆ ಭಾಗಕ್ಕೆ ಮುಂದೆ ಹಣ ಸಿಗುವುದಿಲ್ಲ. ಇವರ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೀಪ ಸರಿಪಡಿಸಿ ಮತ್ತೆ ತೋರಿಸಿ ಎಂದಿತು. ಗ್ಯಾರೇಜಿನಲ್ಲಿ ಆ ಬಿಡಿಭಾಗ ಇರಲಿಲ್ಲ, ಹೊರಗಿನಿಂದ ತರಿಸಿ ಹಾಕುವಷ್ಟರಲ್ಲಿ ಏಪ್ರಿಲ್ 13. ಲೆಕ್ಕ ಹಾಕಿ: ಜನವರಿಯಲ್ಲಿ ಉಳಿದ 21, ಫೆಬ್ರವರಿಯ 28, ಮಾರ್ಚಿನ 31, ಏಪ್ರಿಲಿನ 10. ತೊಂಬತ್ತು ದಿನ ಏಪ್ರಿಲ್ 10ಕ್ಕೇ ಮುಗಿದಿತ್ತು. "ನೀವು ಏಳನೇ ತಾರೀಕಿಗೇ ನೋಡಿದ್ದೀರಲ್ಲ" ಎಂದು ನನ್ನ ಮೇಲೆ ರೇಗಿದರು. ನಾನು ನೋಡಿದ ದಿನ ಲೆಕ್ಕಕ್ಕೆ ಬರುವುದಿಲ್ಲ, ಹಣ ಕಟ್ಟಿ ಪಾಲಿಸಿ ಶುರುವಾದ ದಿನವೇ ಲೆಕ್ಕ. ಪ್ರೀಮಿಯಂ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ ಎಂದು 1938ರ ವಿಮಾ ಕಾಯ್ದೆಯೇ ಹೇಳುತ್ತದೆ.

ನಷ್ಟ ಎಷ್ಟು? ಹಾನಿ ಭಾಗದ ಪ್ರೀಮಿಯಂ 8,000 ರೂಪಾಯಿ, ಅದು ಬದಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಬೋನಸ್ ಇದ್ದಿದ್ದರೆ ಪ್ರತಿ ವರ್ಷ 4,000 ಸಾಕಿತ್ತು. ಈಗ ಈ ವರ್ಷ ಪೂರ್ತಿ 8,000, ಮುಂದಿನ ವರ್ಷಗಳಲ್ಲಿ 6,400, 6,000, 5,200, 4,400. ಹಳೆಯ ಅರ್ಧ ಬೆಲೆಗೆ ಮರಳುವಷ್ಟರಲ್ಲಿ ಹೆಚ್ಚಿಗೆ ಕಟ್ಟಿದ್ದು 10,000 ರೂಪಾಯಿ. ಅದೂ ನಡುವೆ ಒಂದೂ ಕ್ಲೇಮ್ ಮಾಡದಿದ್ದರೆ. ಹೆಡ್‌ಲೈಟಿನ ಖರ್ಚು ಬೇರೆ, ಅದು ಅವರ ಜೇಬಿನಿಂದಲೇ ಹೋಯಿತು.

ಗೌಡರ ಕಥೆಯೇ ಉದ್ದವಾಯಿತು, ನಿಜವಾಗಿ ಹೆದರಬೇಕಾದ ವಿಷಯಕ್ಕೆ ಸಮಯ ಕಡಿಮೆ ಉಳಿದಿದೆ. ಅವರಿಗೆ ತಗುಲಿದ್ದು ಟ್ರೇಲರ್. ಅದೇ ಅವಧಿಯಲ್ಲಿ ಬಿ.ಎಂ. ರಸ್ತೆಯಲ್ಲಿ ಅವರ ಕಾರು ಒಬ್ಬ ಬೈಕ್ ಸವಾರನಿಗೆ ತಗುಲಿದ್ದರೆ? ವಿಮೆ ಇಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಜನ ಈ ಎರಡು ಸಾವಿರವನ್ನೇ ನೋಡುತ್ತಾರೆ. ದುಡಿಯುವ ವಯಸ್ಸಿನವರು ಸತ್ತರೆ ನ್ಯಾಯಮಂಡಳಿ ಅವರ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ಪರಿಹಾರ ನಿಗದಿಮಾಡುತ್ತದೆ, ಅದು ಲಕ್ಷಗಳ ಮಾತು. ವಿಮೆ ಇದ್ದರೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಮಾಲೀಕರೇ ಕೊಡಬೇಕು, ಕಾರು ಓಡಿಸುತ್ತಿದ್ದವನು ಅವರ ಡ್ರೈವರ್ ಆಗಿದ್ದರೂ ಸರಿ. ಕೊಡದಿದ್ದರೆ ತೋಟದ ಜಪ್ತಿಯವರೆಗೂ ಹೋಗಬಹುದು. ಪೊಲೀಸರು ಹಿಡಿದ ಕಾರೂ ಭದ್ರತೆ ಕೊಡದೆ ಬಿಡುಗಡೆಯಾಗುವುದಿಲ್ಲ.

ಆದ್ದರಿಂದ ತಪ್ಪಿಹೋಗಿದ್ದರೆ ಹೀಗೆ ಮಾಡಿ. ಗಾಡಿ ಶೆಡ್ಡಿನಲ್ಲೇ ಇರಲಿ. ನನ್ನ ಹತ್ತಿರ ತೋರಿಸಲು ಓಡಿಸಿಕೊಂಡು ಬರಬೇಡಿ, ಅದೂ ವಿಮೆ ಇಲ್ಲದ ಓಡಾಟವೇ, ನಾವೇ ಬರುತ್ತೇವೆ. ಪರಿಶೀಲನೆಗೆ ತಡವಾಗುವಂತಿದ್ದರೆ ಬರೀ ಥರ್ಡ್ ಪಾರ್ಟಿ ಪಾಲಿಸಿಯನ್ನು ಇವತ್ತೇ ಕೊಳ್ಳಿ, ಅದಕ್ಕೆ ಪರಿಶೀಲನೆ ಕೇಳುವುದಿಲ್ಲ. ಗಾಡಿಯ ಹಾನಿಯ ಭಾಗವನ್ನು ಆಮೇಲೆ ಪ್ರತ್ಯೇಕವಾಗಿ ಮಾಡಿಸಬಹುದು, ಆದರೆ ಬೋನಸ್ಸಿನ ತೊಂಬತ್ತು ದಿನ ಅದಕ್ಕಾಗಿ ನಿಂತು ಕಾಯುವುದಿಲ್ಲ.

ಹೊಸ ಕಾರು ಕೊಂಡವರಿಗೆ ಕೊನೆಯದಾಗಿ ಒಂದು ಮಾತು. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮೂರು ವರ್ಷದ್ದು, ಹೊಸ ಬೈಕಿಗೆ ಐದು ವರ್ಷದ್ದು. ಗಾಡಿಯ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಪಾಲಿಸಿಯಲ್ಲಿ ಎರಡು ತಾರೀಕು ಇರುತ್ತವೆ, ಜನ ದೂರದ್ದನ್ನು ಓದಿ ನಿಶ್ಚಿಂತರಾಗುತ್ತಾರೆ. ಹತ್ತಿರದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಕಂಪನಿಗೆ ತಿಳಿಸಿ. ನಮಸ್ಕಾರ.