300 ಡಿಪಿಐ ಮಾಡಿ ಕಳ್ಸಿದ್ರೂ ಫೋಟೋ ಯಾಕೆ ಒಡೆಯತ್ತೆ?

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಹೆಚ್ಚಿನವ್ರು ಕಾಲೇಜಿಂದೋ ಸಂಘದ್ದೋ ಸ್ಮರಣ ಸಂಚಿಕೆ ತರೋಕೆ ಹೊರಟಿರೋರು, ಅದಕ್ಕೆ ಇವತ್ತಿನ ಮಾತನ್ನ ಒಂದೇ ಒಂದು ಮುಖಪುಟದ ಫೋಟೋಗೆ ಕಟ್ಟಿಹಾಕ್ತೀನಿ. ಎ4 ಸೈಜಿನ ಪುಸ್ತಕ, ಮುಖಪುಟ ಪೂರ್ತಿ ಒಂದೇ ಫೋಟೋ, ಆರ್ಟ್ ಪೇಪರು, ಆಫ್‌ಸೆಟ್ ಪ್ರಿಂಟು. ಆ ಫೋಟೋ ನಿಮಗೆ ಯಾರೋ ವಾಟ್ಸಾಪಲ್ಲಿ ಕಳ್ಸಿದಾರೆ.

ಪ್ರೆಸ್ಸಿನವ್ರಿಗೆ ಕೊಟ್ರೆ ಮೊದಲು ಬರೋ ಮಾತು, "ಸಾರ್ ಇದು 72 ಡಿಪಿಐ ಇದೆ, 300 ಮಾಡಿ ಕಳ್ಸಿ" ಅಂತ. ನೀವು ಮನೇಗೆ ಬಂದು ಹೆಂಗೋ 72 ಇದ್ದಿದ್ದನ್ನ 300 ಮಾಡಿ ಕಳಿಸ್ತೀರ, ಅವ್ರೂ ನೋಡಿ ಸರಿ ಅಂತಾರೆ, ಪುಸ್ತಕ ಬಂದಾಗ ಮುಖಪುಟದಲ್ಲಿರೋರ ಮುಖ ಮಸುಕು ಮಸುಕು. ಎಲ್ರೂ ಹೇಳಿದ್ದನ್ನ ಸರಿಯಾಗೇ ಮಾಡಿದಾರೆ, ಆದ್ರೂ ಕೆಟ್ಟಿದೆ. ಯಾಕೆ ಅಂದ್ರೆ 300 ಅನ್ನೋದು ಅರ್ಧ ಮಾತು ಅಷ್ಟೇ. ಒಂದು ಇಂಚಿಗೆ 300 ಅಂದ್ರಿ ಸರಿ, ಎಷ್ಟು ಇಂಚಿಗೆ? ಅದನ್ನ ಹೇಳ್ದೆ ಇದ್ರೆ ಆ ನಂಬರಿಗೆ ಅರ್ಥಾನೇ ಇಲ್ಲ.

ಫೋಟೋ ಫೈಲಿನೊಳಗೆ ನಿಜವಾಗ್ಲೂ ಇರೋದು ಪಿಕ್ಸೆಲ್ ಮಾತ್ರ, ಅಡ್ಡಕ್ಕೆ ಇಷ್ಟು ಉದ್ದಕ್ಕೆ ಇಷ್ಟು ಅಂತ. ಇಂಚು, ಸೆಂಟಿಮೀಟರ್ ಯಾವ್ದೂ ಅದರಲ್ಲಿ ಇಲ್ಲ. ಡಿಪಿಐ ಅನ್ನೋದು ಜೆಪೆಗ್ ಫೈಲಿನ ಶುರುನಲ್ಲಿ ಬರ್ದಿಟ್ಟ ಒಂದು ಚೀಟಿ, "ನನ್ನನ್ನ ಪ್ರಿಂಟ್ ಮಾಡೋವಾಗ ಇಂಚಿಗೆ ಇಷ್ಟು ಪಿಕ್ಸೆಲ್ ಲೆಕ್ಕದಲ್ಲಿ ಇಡಿ" ಅಂತ. ಪೇಜ್ ಮಾಡೋರು ಮೂಲೆ ಹಿಡ್ಕೊಂಡು ಫೋಟೋನ ಎಳೆದ ತಕ್ಷಣ ಆ ಚೀಟಿ ರದ್ದು. ಚುಕ್ಕಿ ರಂಗೋಲಿ ನೆನಪು ಮಾಡ್ಕೊಳ್ಳಿ, 15 ಚುಕ್ಕಿ ರಂಗೋಲೀನ ಪುಟ್ಟ ಹೊಸ್ತಿಲ ಮುಂದೆ ಹಾಕಿದ್ರೆ ಚುಕ್ಕಿಗಳು ಒತ್ತೊತ್ತಾಗಿ ಕೂರ್ತವೆ, ಅದೇ 15 ಚುಕ್ಕೀನ ದೊಡ್ಡ ಅಂಗಳ ತುಂಬ ಹರಡಿದ್ರೆ ಚುಕ್ಕಿ ಚುಕ್ಕಿ ಮಧ್ಯೆ ಮೊಳ ಜಾಗ. ಚುಕ್ಕಿ ಎಷ್ಟು ಅನ್ನೋದು ಪಿಕ್ಸೆಲ್, ಎಷ್ಟು ಒತ್ತೊತ್ತಾಗಿ ಕೂತಿದೆ ಅನ್ನೋದು ಡಿಪಿಐ, ಅಂಗಳ ಎಷ್ಟಗಲ ಅನ್ನೋದು ಪೇಪರ್ ಸೈಜು. ಮೂರರಲ್ಲಿ ಎರಡು ಗೊತ್ತಾದ್ರೆ ಮೂರನೇದು ತಾನಾಗೇ ಬರತ್ತೆ, ಅದನ್ನ ಬೇಡಿಕೊಂಡು ಬದಲಾಯಿಸೋಕೆ ಆಗಲ್ಲ.

(ಗೊತ್ತಿರೋರು ಕೇಳ್ತಾರೆ, ಫೋಟೋ ವಿಷ್ಯಕ್ಕೆ ಪಿಪಿಐ, ಅಂದ್ರೆ ಇಂಚಿಗೆ ಇಷ್ಟು ಪಿಕ್ಸೆಲ್, ಅನ್ನಬೇಕಲ್ವಾ ಅಂತ. ಹೌದು, ಅನ್ನಬೇಕು. ಆದ್ರೆ ಪ್ರೆಸ್ಸಲ್ಲಿ ಎಲ್ರೂ ಡಿಪಿಐ ಅಂತಾನೇ ಅನ್ನೋದು, ನಾನೂ ಹಂಗೇ ಅಂತೀನಿ, ಬಿಡಿ.)

ಈಗ ನಮ್ಮ ಮುಖಪುಟ. ಎ4 ಅಂದ್ರೆ 210 ಮಿಲಿಮೀಟರ್ ಅಗಲ, 297 ಉದ್ದ. ಕಟಿಂಗ್ ಮಾಡೋವಾಗ ಬ್ಲೇಡು ಒಂದು ಕೂದಲೆಳೆ ಆಚೀಚೆ ಆದ್ರೂ ಅಂಚಲ್ಲಿ ಬಿಳೀ ಗೆರೆ ಕಾಣಬಾರ್ದು ಅಂತ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್ ಬಿಡ್ತೀವಿ, ಅಲ್ಲಿಗೆ 216 ಇಂಟು 303 ಆಯ್ತು. ಒಂದು ಇಂಚಿಗೆ 25.4 ಮಿಲಿಮೀಟರ್, ಭಾಗಿಸಿದ್ರೆ ಸುಮಾರು 8.5 ಇಂಚು ಅಗಲ, 11.93 ಇಂಚು ಉದ್ದ. ಇಂಚಿಗೆ 300ರಂತೆ ಗುಣಿಸಿ, 2551 ಇಂಟು 3579 ಪಿಕ್ಸೆಲ್ ಬೇಕು. ನೀವು ಫೋಟೋ ಕೊಡೋರಿಗೆ ಕೇಳಬೇಕಾದ ನಂಬರ್ ಇದು. "300 ಡಿಪಿಐ ಫೋಟೋ ಕೊಡಿ" ಅನ್ನಬೇಡಿ, "ಅಗಲಕ್ಕೆ 2551, ಉದ್ದಕ್ಕೆ 3579 ಪಿಕ್ಸೆಲ್‌ಗಿಂತ ಕಮ್ಮಿ ಇಲ್ದೇ ಇರೋ ಫೋಟೋ ಕೊಡಿ" ಅನ್ನಿ.

ವಾಟ್ಸಾಪಲ್ಲಿ ಮಾಮೂಲಿಯಾಗಿ ಬಂದ ಫೋಟೋ ಸಾಮಾನ್ಯವಾಗಿ 1200 ಇಂಟು 1600 ಇರತ್ತೆ. ಅದನ್ನ ಈ ಪುಟಕ್ಕೆ ತುಂಬಿಸಿದ್ರೆ 1600 ಪಿಕ್ಸೆಲ್ 11.93 ಇಂಚಿಗೆ ಹರಡತ್ತೆ, ಇಂಚಿಗೆ 134 ಬಂತು. ಚೀಟಿಯಲ್ಲಿ 72 ಇರ್ಲಿ 300 ಇರ್ಲಿ, ಪೇಪರ್ ಮೇಲೆ ಬರೋದು 134. ಅದೇ ಫೋಟೋ ತೆಗೆದ ಫೋನು 12 ಮೆಗಾಪಿಕ್ಸೆಲ್‌ದಾದ್ರೆ ಅವ್ರ ಫೋನಲ್ಲಿರೋ ಮೂಲ ಫೈಲು 3000 ಇಂಟು 4000, ಅದನ್ನ ತುಂಬಿಸಿದ್ರೆ ಇಂಚಿಗೆ 335, ಆರಾಮಾಗಿ ಆಗತ್ತೆ. ಅಂದ್ರೆ ನಿಮ್ಮ ಸಮಸ್ಯೆಗೆ ಪರಿಹಾರ ಫೋಟೋಶಾಪಲ್ಲಿ ಇಲ್ಲ, ಆ ಫೋಟೋ ತೆಗೆದವ್ರ ಫೋನಲ್ಲಿದೆ. ಅವ್ರಿಗೆ ಫೋನ್ ಮಾಡಿ, ಫೋಟೋ ಥರ ಅಲ್ಲ ಡಾಕ್ಯುಮೆಂಟ್ ಥರ ಅಟ್ಯಾಚ್ ಮಾಡಿ ಕಳ್ಸಿ ಅನ್ನಿ, ಇಲ್ಲಾ ಡ್ರೈವ್‌ಗೆ ಹಾಕ್ಸಿ. ವರ್ಡ್ ಫೈಲಿನೊಳಗೆ ಅಂಟಿಸಿ ಮಾತ್ರ ಕಳಿಸೋಕೆ ಬಿಡಬೇಡಿ, ಸೇವ್ ಮಾಡೋವಾಗ ವರ್ಡ್ ತಾನಾಗೇ ಫೋಟೋನ ಕುಗ್ಗಿಸೋ ಸೆಟಿಂಗ್ ಇರತ್ತೆ, ನಮ್ಮ ಜನ ಅದನ್ನ ಆಫ್ ಮಾಡಿರಲ್ಲ.

ಇನ್ನು ಫೋಟೋಶಾಪಲ್ಲಿ ಏನಾಗತ್ತೆ ನೋಡೋಣ, ಜನ ಎಡವೋದೇ ಇಲ್ಲಿ. `Image > Image Size` ತೆಗೆದ್ರೆ ಕೆಳಗೆ `Resample` ಅಂತ ಒಂದು ಟಿಕ್ ಇದೆ. ಟಿಕ್ ತೆಗೆದು 72 ಇರೋ ಕಡೆ 300 ಹಾಕಿ, ನಮ್ಮ ವಾಟ್ಸಾಪ್ ಫೋಟೋದ ಅಗಲ ಉದ್ದ 4 ಇಂಟು 5.33 ಇಂಚು ಅಂತ ತೋರ್ಸತ್ತೆ, ಪಿಕ್ಸೆಲ್ ಅಲುಗಾಡಲ್ಲ. ಇದು ಸತ್ಯ ಹೇಳೋ ರೀತಿ, ಈ ಫೋಟೋ ಇಷ್ಟೇ ದೊಡ್ಡದಾಗಿ ಚೆನ್ನಾಗಿ ಬರತ್ತೆ ಅಂತ. ಟಿಕ್ ಇಟ್ಕೊಂಡೇ 300 ಹಾಕಿದ್ರೆ ಫೋಟೋ ಇಂಚಲ್ಲಿ ಹಾಗೇ ಇದ್ದು ಪಿಕ್ಸೆಲ್ 5000 ಇಂಟು 6667ಕ್ಕೆ ಜಿಗಿಯತ್ತೆ! ನೋಡಿದ್ರೆ ಖುಷಿ ಆಗತ್ತೆ, ಆದ್ರೆ ಹೊಸದಾಗಿ ಬಂದ ಪಿಕ್ಸೆಲ್‌ಗಳೆಲ್ಲ ಪಕ್ಕದ ಪಿಕ್ಸೆಲ್‌ಗಳ ಬಣ್ಣ ನೋಡಿ ಅಂದಾಜಲ್ಲಿ ತುಂಬಿದ್ದು, ಕ್ಯಾಮೆರಾ ನೋಡಿದ್ದಲ್ಲ. ಗಿಂಪ್ ಬಳಸೋರಿಗೆ ಇದು ಎರಡು ಬೇರೆ ಬೇರೆ ಮೆನು, `Image > Print Size` ಚೀಟಿ ಮಾತ್ರ ಬದಲಾಯ್ಸತ್ತೆ, `Image > Scale Image` ಪಿಕ್ಸೆಲ್ ಬದಲಾಯ್ಸತ್ತೆ. ನನಗೆ ಗಿಂಪಿನವ್ರು ಮಾಡಿದ್ದೇ ಸರಿ ಅನ್ಸತ್ತೆ, ಗೊಂದಲಕ್ಕೆ ಜಾಗ ಕಮ್ಮಿ. ತುಂಬಾ ಫೋಟೋ ಬಂದಿದ್ರೆ ಒಂದೊಂದೇ ತೆರೆಯೋ ಬದ್ಲು ಇಮೇಜ್‌ಮ್ಯಾಜಿಕ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು, ಆ ಫೋಲ್ಡರಲ್ಲಿ ಟರ್ಮಿನಲ್ ತೆರೆದು ಈ ಕಮಾಂಡ್ ಕೊಟ್ರೆ ಫೋಲ್ಡರ್ ಪೂರ್ತಿದು ಒಂದೇ ಸಲಕ್ಕೆ ನೋಡಬಹುದು:

```
magick identify -format "%f  %w x %h\n" *.jpg
```

ಫೈಲಿನ ಹೆಸರು, ಅಗಲ, ಉದ್ದ, ಅಷ್ಟು ಸಾಕು. ಡಿಪಿಐ ಕೇಳೋಕೇ ಹೋಗಿಲ್ಲ ನೋಡಿ.

ಆದ್ರೆ ಪಿಕ್ಸೆಲ್ ಎಣಿಕೆನೂ ಸುಳ್ಳು ಹೇಳಬಹುದು. ನಿಮಗಿಂತ ಮೊದಲೇ ಯಾರೋ ಉಬ್ಬಿಸಿ ಕಳ್ಸಿದ್ರೆ ನಂಬರ್ ಭರ್ಜರಿ ಇರತ್ತೆ, ಒಳಗೆ ಏನೂ ಇರಲ್ಲ. ಅದಕ್ಕೆ 100 ಪರ್ಸೆಂಟ್ ಝೂಮಿಗೆ ಹಾಕಿ ರೆಪ್ಪೆ ಕೂದಲು, ಸೀರೆ ಜರಿ ಅಂಚು, ಹಿಂದೆ ಇರೋ ಬೋರ್ಡಿನ ಅಕ್ಷರ ನೋಡಿ. ರೆಪ್ಪೆ ಕೂದಲು ಒಂದೊಂದಾಗಿ ಕಾಣ್ದೆ ಕಪ್ಪು ಗೀಟು ಥರ ಆಗಿದ್ರೆ, ಅಕ್ಷರದ ಸುತ್ತ ಸೊಳ್ಳೆ ಮುತ್ಕೊಂಡಂಗೆ ಗಲೀಜಿದ್ರೆ, ಕೆನ್ನೆ ಮೇಲೆ ಚೌಕ ಚೌಕ ಕಂಡ್ರೆ ಅದು ಉಬ್ಬಿಸಿದ್ದೋ ಅತೀ ಕಂಪ್ರೆಸ್ ಆಗಿದ್ದೋ ಇರತ್ತೆ.

ಈ 300 ಎಲ್ಲಿಂದ ಬಂತು ಅಂತ ತಿಳ್ಕೊಂಡ್ರೆ ಎಲ್ಲಿ ಸಡಿಲ ಬಿಡಬಹುದು ಅಂತಾನೂ ಗೊತ್ತಾಗತ್ತೆ. ಆಫ್‌ಸೆಟ್ ಮಷಿನ್ನಿಗೆ ತಿಳಿ ಕೆಂಪು ಹಾಕೋಕೆ ಬರಲ್ಲ, ಇಂಕು ಹಾಕತ್ತೆ ಇಲ್ಲಾ ಬಿಡತ್ತೆ ಅಷ್ಟೇ. ಸಣ್ಣ ಚುಕ್ಕಿ ಇಟ್ರೆ ಕಣ್ಣಿಗೆ ತಿಳಿ, ದಪ್ಪ ಚುಕ್ಕಿ ಇಟ್ರೆ ಗಾಢ, ಭೂತಗನ್ನಡಿಯಲ್ಲಿ ಯಾವ ಕ್ಯಾಲೆಂಡರ್ ನೋಡಿದ್ರೂ ಇದು ಕಾಣತ್ತೆ. ಆರ್ಟ್ ಪೇಪರಲ್ಲಿ ಮಾಮೂಲಿಯಾಗಿ ಇಂಚಿಗೆ 150 ಸಾಲು ಈ ಚುಕ್ಕಿ ಕೂರಿಸ್ತಾರೆ, ಇದನ್ನೇ ಸ್ಕ್ರೀನ್ ಅನ್ನೋದು. ಒಂದೊಂದು ಚುಕ್ಕಿ ಎಷ್ಟು ದಪ್ಪ ಇರಬೇಕು ಅಂತ ಸರಿಯಾಗಿ ತೀರ್ಮಾನ ಆಗೋಕೆ ಸಾಲಿನ ಎರಡರಷ್ಟು ಪಿಕ್ಸೆಲ್ ಇದ್ರೆ ನೆಮ್ಮದಿ, 150 ಇಂಟು 2, 300. ಒಂದೂವರೆ ಪಟ್ಟು ಇದ್ರೂ ನಡೆಯತ್ತೆ, ಅಂದ್ರೆ 225. ನ್ಯೂಸ್‌ಪ್ರಿಂಟ್ ಇಂಕನ್ನ ಹೀರ್ಕೊಂಡು ಚುಕ್ಕಿ ಹರಡಿಬಿಡತ್ತೆ, ಅದಕ್ಕೆ ಅಲ್ಲಿ ಸ್ಕ್ರೀನು 85ರಿಂದ 100, ಫೋಟೋಗೆ 200 ಇದ್ರೆ ಧಾರಾಳ. ಹಾಗಂತ 600 ಕೊಟ್ರೆ ಇನ್ನೂ ಚೆನ್ನಾಗಿ ಬರಲ್ವಾ ಅಂದ್ರೆ ಇಲ್ಲ, ಆ ಸ್ಕ್ರೀನಿಗೆ ತಗೊಳ್ಳೋಕಾಗಲ್ಲ, ಫೈಲು ದಪ್ಪ ಆಗತ್ತೆ ಅಷ್ಟೇ. ಮುಖ ಇರೋ ಫೋಟೋ 200ಕ್ಕಿಂತ ಕೆಳಗೆ ಇಳಿದ್ರೆ ನಾನು ಮುಖಪುಟಕ್ಕೆ ಹಾಕಲ್ಲ, ಮೋಡ ನೀರು ಮಂಜು ಇರೋ ಬೆಟ್ಟದ ಫೋಟೋ ಆದ್ರೆ 170ಕ್ಕೂ ಒಪ್ಕೋತೀನಿ.

ಹಂಗಾದ್ರೆ ಫ್ಲೆಕ್ಸಲ್ಲಿ ಇದೇ ಫೋಟೋ ಚೆನ್ನಾಗಿ ಬಂತಲ್ಲ ಅಂತೀರ. 12 ಮೆಗಾಪಿಕ್ಸೆಲ್ ಫೋಟೋನ 10 ಅಡಿ ಅಗಲದ ಫ್ಲೆಕ್ಸಿಗೆ ಹಾಕಿದ್ರೆ 4000 ಪಿಕ್ಸೆಲ್ 120 ಇಂಚಿಗೆ, ಇಂಚಿಗೆ 33. ಅದನ್ನ ನೋಡೋದು ರಸ್ತೆ ಆಚೆಯಿಂದ, ಪುಸ್ತಕ ಹಿಡಿಯೋದು ಕಣ್ಣಿಂದ ಒಂದಡಿ ದೂರದಲ್ಲಿ. ದೂರ ಹೆಚ್ಚಿದಷ್ಟೂ ಕಮ್ಮಿ ಸಾಕು, ಅದಕ್ಕೇ ಫ್ಲೆಕ್ಸ್‌ನವ್ರ ಮಾತು ಪುಸ್ತಕಕ್ಕೆ ನಡೆಯಲ್ಲ.

ಅಕ್ಷರದ ವಿಷ್ಯ ಬೇರೇನೇ. ಸಂಚಿಕೆ ಹೆಸರನ್ನ ಫೋಟೋ ಮೇಲೇ ಬರ್ದು ಜೆಪೆಗ್ ಮಾಡಿ ಕೊಡ್ತಾರಲ್ಲ, ಅದಕ್ಕೆ 300 ಸಾಲಲ್ಲ. ಅಕ್ಷರದ ಅಂಚು ಕತ್ತರಿಸಿದಂಗೆ ಇರಬೇಕು, ಪಿಕ್ಸೆಲಲ್ಲಿ ಬರೆದ್ರೆ ಕಪ್ಪು ಬಿಳುಪು ಗೆರೆಗೆ 1200ರ ಹತ್ರ ಬೇಕಾಗತ್ತೆ. ದೊಡ್ಡ ತಲೆಬರಹ ಹೆಂಗೋ ಪಾಸಾಗತ್ತೆ, ಸಣ್ಣ ಅಕ್ಷರದಲ್ಲಿ ಒತ್ತಕ್ಷರ ಮೊದಲು ಹೋಗತ್ತೆ, 'ಕ್ತ' ಯಾವ್ದು 'ಕ್ರ' ಯಾವ್ದು ಗೊತ್ತಾಗಲ್ಲ. ಅಕ್ಷರಾನ ಕೋರೆಲ್ ಡ್ರಾನಲ್ಲೋ ಇನ್‌ಡಿಸೈನಲ್ಲೋ ಇಟ್ಟು ಪಿಡಿಎಫ್ ಮಾಡಿ ಕೊಡಿ, ಆಗ ಅದು ಪಿಕ್ಸೆಲ್ ಲೆಕ್ಕಕ್ಕೇ ಬರಲ್ಲ. ಇನ್‌ಡಿಸೈನಲ್ಲಿ ಪೇಜ್ ಮಾಡಿದ್ರೆ ಇನ್ನೊಂದು ಅನುಕೂಲ, `Links` ಪ್ಯಾನೆಲಲ್ಲಿ ಫೋಟೋ ಮೇಲೆ ಕ್ಲಿಕ್ ಮಾಡಿದ್ರೆ `Actual PPI`, `Effective PPI` ಅಂತ ಎರಡು ನಂಬರ್ ಇರತ್ತೆ. ಮೊದಲನೇದು ಚೀಟಿ, ಎರಡನೇದು ಎಳೆದ ಮೇಲೆ ನಿಜವಾಗಿ ಉಳಿದಿದ್ದು. ಪ್ರೆಸ್ಸಿಗೆ ಹೋಗೋ ಮುಂಚೆ ಎಲ್ಲಾ ಫೋಟೋದ ಎರಡನೇ ನಂಬರ್ ನೋಡಿ.

ಡಿಪಿಐ ನಂಬರ್ ನಿಜವಾಗ್ಲೂ ನಿಮ್ಮ ಕೈಲಿರೋದು ಒಂದೇ ಕಡೆ, ಸ್ಕ್ಯಾನರಲ್ಲಿ. ಸಂಸ್ಥೆ ಶುರು ಮಾಡಿದವ್ರ ಹಳೇ ಫೋಟೋ, 4 ಇಂಟು 6 ಇಂಚಿನ ಪ್ರಿಂಟು ಮಾತ್ರ ಇದೆ ಅನ್ಕೊಳ್ಳಿ. 300ರಲ್ಲಿ ಸ್ಕ್ಯಾನ್ ಮಾಡಿದ್ರೆ 1200 ಇಂಟು 1800, ಮುಖಪುಟಕ್ಕೆ ಸಾಲಲ್ಲ. 600ರಲ್ಲಿ ಮಾಡಿದ್ರೆ 2400 ಇಂಟು 3600, ಪುಟದ ಅಗಲಕ್ಕೆ ಇಂಚಿಗೆ 282 ಸಿಗತ್ತೆ, ಸಾಕು. ಇಲ್ಲಿ ಸ್ಕ್ಯಾನರು ಕಾಗದಾನ ನಿಜವಾಗ್ಲೂ ನೋಡಿ ಪಿಕ್ಸೆಲ್ ಮಾಡ್ತಿದೆ, ಆದ್ರೆ ಆ ಪ್ರಿಂಟಲ್ಲಿ ಇರೋಷ್ಟೇ ಅದಕ್ಕೆ ಸಿಗೋದು, 1200ಕ್ಕೆ ಏರಿಸಿದ್ರೆ ಕಾಗದದ ತರಿ ಗೀರು ಧೂಳು ದೊಡ್ಡದಾಗಿ ಬರತ್ತೆ ಹೊರ್ತು ಮುಖ ಇನ್ನೂ ಸ್ಪಷ್ಟ ಆಗಲ್ಲ. ಸಿಕ್ಕಿರೋದು ಫೋಟೋ ಅಲ್ಲ, ಹಳೇ ಪೇಪರಿಂದ ಕತ್ತರಿಸಿದ ತುಣುಕು ಅಂದ್ರೆ ಅದರಲ್ಲಿ ಆಗ್ಲೇ ಸ್ಕ್ರೀನ್ ಚುಕ್ಕಿ ಇರತ್ತೆ, ಅದರ ಮೇಲೆ ನಿಮ್ಮ ಪ್ರೆಸ್ಸಿನ ಚುಕ್ಕಿ ಕೂತ್ರೆ ಮುಖದ ಮೇಲೆ ಅಲೆ ಅಲೆ ಪಟ್ಟೆ ಏಳತ್ತೆ. ಸ್ಕ್ಯಾನರಲ್ಲಿ ಡಿಸ್ಕ್ರೀನ್ ಆನ್ ಮಾಡಿ, ಮುಖಪುಟದ ಆಸೆ ಬಿಟ್ಟು ಒಳಪುಟದಲ್ಲಿ ತುಣುಕಿನ ಮೂಲ ಸೈಜಿಗೇ ಹಾಕಿ.